ಬಾಲ ಕತ್ತರಿಸಿದ ಪ್ರಶ್ನೆ

ಹಾಲಿನ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಪ್ರತಿಯೊಬ್ಬರ ಎಡ ಮುಂಗೈಗೂ ಒಂದು ರಬ್ಬರ್ ಬ್ಯಾಂಡ್ ಬಂದದ್ದು ಟೀಚರ್ ಕಾಲಿಟ್ಟ ಎರಡನೇ ವಾರದಲ್ಲಿ. ವಾಕಿಟಾಕಿಯಲ್ಲಿ ಇಂಗ್ಲಿಷ್ ಮಾತನಾಡುವಾಗ ಕೊನೆಗೆ ಕನ್ನಡದ 'ಆ' ಸೇರಿಸಿದವರು ತಾವೇ ಬ್ಯಾಂಡ್ ಎಳೆದು ಬಿಡಬೇಕು. ಫಿನಿಶ್ಡಾ ಎಂದರೆ ಒಂದು ಚಟ್. ರೆಡೀನಾ ಎಂದರೆ ಇನ್ನೊಂದು ಚಟ್. ಮೊದಲ ದಿನ ಸಂಜೆಯ ಹೊತ್ತಿಗೆ ಎಲ್ಲರ ಮುಂಗೈಯೂ ಕೆಂಪಾಗಿ, ಸೊಳ್ಳೆಗಳ ಸಂತೆ ನಡೆದಂತಿತ್ತು.

ಕೆಳಗೆ ಯಂತ್ರಗಳ ನಡುವೆ ಕೆಲಸ ಮಾಡುವವರು ನಾಲ್ಕಾರು ಭಾಷೆಯವರು. ಹಾಗಾಗಿ ವಾಕಿಯಲ್ಲಿ ಇಂಗ್ಲಿಷೇ ಆಗಬೇಕೆಂಬುದು ಕಾರ್ಖಾನೆಯ ನಿಯಮ. ಕಂಟ್ರೋಲ್ ರೂಮಿನಲ್ಲಿ ಮಾತ್ರ ಎಲ್ಲರೂ ಕನ್ನಡದವರು. ಅವರ ಇಂಗ್ಲಿಷ್ ಕೆಳಗಿನವರಿಗೆ ಅರ್ಥವಾಗುತ್ತಿಲ್ಲ ಎಂಬ ದೂರು ಬಂದು, ಟೀಚರನ್ನು ಕರೆಸಿದ್ದರು. ಕರೆಸುವಂತೆ ಮೇಲಿನವರ ಕಿವಿ ಕಚ್ಚಿದವನು ಅಲ್ಲೇ ಫಿಟ್ಟರ್ ಆಗಿದ್ದ ಅವಳ ಮೈದುನ.

ಟೀಚರ್ ಕಲಿಸಿದ್ದು ತಪ್ಪಾಗಿರಲಿಲ್ಲ. ಕನ್ನಡದಲ್ಲಿ ಪ್ರಶ್ನೆ ಇರುವುದು ಮಾತಿನ ಬಾಲದಲ್ಲಿ. ಮುಚ್ಚಿದೆ ಎಂದರೆ ವರದಿ, ಮುಚ್ಚಿದೆಯಾ ಎಂದರೆ ಪ್ರಶ್ನೆ; ದನಿ ಸ್ವಲ್ಪ ಆಚೀಚೆಯಾದರೂ ಯಾರೂ ತಪ್ಪು ತಿಳಿಯುವುದಿಲ್ಲ. ಒತ್ತಿ ಹೇಳಬೇಕಾದರೆ 'ಏ' ಇದೆ: ನೀನೇ, ನಾಲ್ಕನೆಯದೇ. ಇಂಗ್ಲಿಷಿನಲ್ಲಿ ಈ ಬಾಲಗಳಿಲ್ಲ. 'ಈಸ್' ಎಂದು ಶುರು ಮಾಡಿದರೆ ಪ್ರಶ್ನೆಯೆಂದು ಗೊತ್ತಾಗುತ್ತದೆ, ನಿಜ. ಆದರೆ ವಾಕಿಯಲ್ಲಿ ಯಾರಿಗೆ ಪುರುಸೊತ್ತು? 'ವಾಲ್ವ್ ಫೋರ್ ಕ್ಲೋಸ್ಡ್' ಎಂಬ ಮೂರೇ ಪದ. ಕೊನೆಯ ಪದದ ಮೇಲೆ ಭಾರ ಹಾಕಿ ಅಲ್ಲಿಂದ ದನಿ ಏರಿಸಿದರೆ, ಮುಚ್ಚಿದೆಯಾ. ಅದೇ ಪದದ ಮೇಲೆ ಇಳಿಸಿದರೆ, ಮುಚ್ಚಿದೆ. ಭಾರವನ್ನು 'ಫೋರ್' ಮೇಲೆ ಹಾಕಿ ಏರಿಸಿದರೆ ಬೇರೆಯೇ ಮಾತು: ಮುಚ್ಚಿದ್ದು ನಾಲ್ಕನೆಯದೇ ತಾನೇ, ಮೂರನೆಯದಲ್ಲವಲ್ಲ?

ಇಷ್ಟು ಹೇಳಿದ್ದೇ ತಡ, ಎಲ್ಲರೂ ಎಲ್ಲವನ್ನೂ ಏರಿಸತೊಡಗಿದರು. 'ವಾಟ್', 'ವೇರ್' ಎಂದು ಶುರುವಾಗುವ ಪ್ರಶ್ನೆಗಳನ್ನು ಸಾಮಾನ್ಯವಾಗಿ ಇಳಿಸಿಯೇ ಕೇಳುವುದು ಎಂದರೂ ಕೇಳಲಿಲ್ಲ. "ದಿಸ್ ಈಸ್ ಕಂಟ್ರೋಲ್ ರೂಮ್" ಎಂಬುದನ್ನೂ ಏರಿಸಿದರು. ಕೆಳಗಿನಿಂದ ಒಬ್ಬ, ನೀವು ಕಂಟ್ರೋಲ್ ರೂಮ್ ಹೌದೋ ಅಲ್ಲವೋ ಎಂದು ನಿಮಗೇ ಗೊತ್ತಿಲ್ಲದಿದ್ದರೆ ನನಗೆ ಹೇಗೆ ಗೊತ್ತಿರಬೇಕು ಎಂದು ಕೇಳಿದ. ಅವನಿಗೆ ಇವರು ಏಣಿ ಎಂದು ಅಡ್ಡಹೆಸರಿಟ್ಟಿದ್ದರು, ಅಷ್ಟು ಉದ್ದ. ಕನ್ನಡ ಬಾರದಿದ್ದರೂ ಕನ್ನಡದ ಫಿಟ್ಟರುಗಳ ಜೊತೆ ಡಬ್ಬಿ ಹಂಚಿಕೊಂಡು ಉಣ್ಣುವವನು, ಅವರನ್ನು ಅಣಕಿಸಿ "ಓಕೇನಾ?" ಎನ್ನುವವನು.

ಅವನ ಮಾತಿಗೆ ಕೆಳಗಿನವರೆಲ್ಲ ನಕ್ಕರು. ಆ ನಗೆಯಿಂದ ಟೀಚರಿಗೆ ಅವಮಾನವಾಯಿತು. ಮರುದಿನ ಗಟ್ಟಿಯಾಗಿ ಹೇಳಿದಳು: "ಅನುಮಾನ ಬಂದ್ರೆ ಇಳಿಸಿ. ಖಚಿತವಾಗಿ ಮಾತಾಡಿ."

ಹೀಗೆ ಬಾಲವನ್ನೂ ಕತ್ತರಿಸಿ ಏರನ್ನೂ ತಗ್ಗಿಸಿದ ಮೇಲೆ ಪ್ರಶ್ನೆ ಎಲ್ಲಿ ಉಳಿಯುತ್ತದೆ ಎಂದು ಅವಳು ಯೋಚಿಸಲಿಲ್ಲ. ಯೋಚಿಸಿದ್ದು ಆ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ.

ಅಂದು ಗೇಟಿನಲ್ಲೇ ಮೈದುನ ಸಿಕ್ಕಿದ್ದ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಹಗ್ಗ ಕಟ್ಟುವ ಬೆಲ್ಟು.

"ಏನಪ್ಪ, ಯುದ್ಧಕ್ಕೆ ಹೊರಟ ಹಾಗಿದೆ" ಎಂದಳು.

"ನಾಲ್ಕನೇ ಟ್ಯಾಂಕಿನ ಹೊಟ್ಟೆಯೊಳಗೆ ಹೋಗ್ತಾ ಇದೀನಿ, ಅತ್ತಿಗೆ. ಮೇಲುಗಡೆ ತೂತಿನ ಚೆಂಡು ಇರತ್ತಲ್ಲ, ನೀರು ಚಿಮ್ಮೋದು, ಅದು ಕಟ್ಟಿಕೊಂಡಿದೆ. ಬದಲಾಯಿಸ್ಬೇಕು."

"ಎಷ್ಟು ಹೊತ್ತು?"

"ಒಂದು ಗಂಟೆ. ಅಣ್ಣನಿಗೆ ಹೇಳ್ಬೇಡಿ, ಅಮ್ಮನಿಗೆ ಮುಟ್ಟಿಸಿಬಿಡ್ತಾನೆ. ಅಮ್ಮ ಅಂತೂ ಟ್ಯಾಂಕು ಅಂದ್ರೆ ಬಾವಿ ಅಂದ್ಕೊಂಡಿದ್ದಾಳೆ."

"ನೀನು ಹಾಲಲ್ಲಿ ಬಿದ್ರೆ ಹಾಲು ಕೆಡತ್ತೆ ಅಷ್ಟೆ" ಎಂದು ನಗುತ್ತಾ ಅವಳು ಮೆಟ್ಟಿಲೇರಿದ್ದಳು.

ಕಂಟ್ರೋಲ್ ರೂಮಿನಲ್ಲಿ ಆ ಪಾಳಿಗೆ ಇಬ್ಬರು. ಇಂಚಾರ್ಜ್, ಐವತ್ತರ ಆಸುಪಾಸಿನವರು, ಇಪ್ಪತ್ತು ವರ್ಷದಲ್ಲಿ ಒಂದೂ ಅಪಘಾತವಾಗಿಲ್ಲ ಎಂಬುದನ್ನು ವಾರಕ್ಕೊಮ್ಮೆಯಾದರೂ ನೆನಪಿಸುವವರು. ಮತ್ತೆ ಆಪರೇಟರ್, ಇಪ್ಪತ್ತಾರರ ಹುಡುಗಿ. ಒಂದು ನಿಮಿಷ ಆಚೀಚೆಯಾಗದಂತೆ ಕೆಲಸ ಮಾಡುವುದರಿಂದ ಎಲ್ಲರೂ ಅವಳನ್ನು ಗಡಿಯಾರ ಎನ್ನುತ್ತಿದ್ದರು. ಟೀಚರ ವಿದ್ಯಾರ್ಥಿಗಳಲ್ಲಿ ಅವಳೇ ಮೊದಲು. ಎಂಟು ದಿನದಿಂದ ಅವಳ ಬಾಯಲ್ಲಿ ಒಂದೇ ಒಂದು 'ಆ' ಬಂದಿರಲಿಲ್ಲ. ಮುಂಗೈ ಮಾತ್ರ ಇನ್ನೂ ಕೆಂಪಾಗಿತ್ತು.

ಟೀಚರ್ ಹಳದಿ ಗೆರೆಯ ಹಿಂದಿನ ಕುರ್ಚಿಯಲ್ಲಿ ಪುಸ್ತಕ ತೆರೆದು ಕೂತಳು. ಕೆಲಸ ನಡೆಯುವಾಗ ಹೊರಗಿನವರು ಆ ಗೆರೆ ದಾಟಬಾರದು, ಮಾತಾಡಬಾರದು ಎಂದು ಮೊದಲ ದಿನವೇ ಅವಳಿಂದ ಸಹಿ ಹಾಕಿಸಿಕೊಂಡಿದ್ದರು.

ಮೂರನೇ ಟ್ಯಾಂಕನ್ನು ತೊಳೆಯಬೇಕಿತ್ತು. ಮೈ ಸುಟ್ಟುಹಾಕುವಂಥ ಬಿಸಿ ಕಾಸ್ಟಿಕ್ ಸೋಡಾ ನೀರು. ಮೊದಲು ಅದು ತನ್ನ ಕೊಳವೆಯಲ್ಲೇ ಸುತ್ತುತ್ತಾ ಕಾಯುತ್ತದೆ. ಎಪ್ಪತ್ತೈದು ಡಿಗ್ರಿ ಮುಟ್ಟಿದೊಡನೆ ದಾರಿ ತಾನಾಗಿ ತೆರೆದು ಟ್ಯಾಂಕಿನತ್ತ ನುಗ್ಗುತ್ತದೆ. ಮೂರು ಮತ್ತು ನಾಲ್ಕನೇ ಟ್ಯಾಂಕುಗಳಿಗೆ ಒಂದೇ ಕೊಳವೆ ಬಂದು ಕವಲಾಗುತ್ತದೆ. ಕವಲಿನಲ್ಲಿ ನಾಲ್ಕನೇ ವಾಲ್ವು. ಅದು ಮುಚ್ಚಿದ್ದರೆ ನಾಲ್ಕನೆಯದು ಒಣಗಿರುತ್ತದೆ, ಒಳಗಿದ್ದವನು ನೆಮ್ಮದಿಯಾಗಿ ಕೆಲಸ ಮಾಡಬಹುದು. ಹೋದ ವಾರದವರೆಗೆ ಆ ವಾಲ್ವನ್ನು ಕಂಟ್ರೋಲ್ ರೂಮಿನಿಂದಲೇ ಮುಚ್ಚುತ್ತಿದ್ದರು. ಅದರ ಯಂತ್ರ ಕೆಟ್ಟ ಮೇಲೆ ಕೈಯಲ್ಲಿ ತಿರುಗಿಸುವ ಹಿಡಿ ಹಾಕಿದ್ದರು. ಆ ಹಿಡಿಗೆ ಬೀಗದ ತೂತಿರಲಿಲ್ಲ. ಬೀಗ ಹಾಕಲಾಗದ್ದಕ್ಕೆ, ವಾಕಿಯಲ್ಲಿ ಕೇಳಿ ಖಚಿತ ಮಾಡಿಕೊಂಡರೆ ಸಾಕು ಎಂದು ಇಂಚಾರ್ಜ್ ಕಾಗದಕ್ಕೆ ಸಹಿ ಹಾಕಿದ್ದರು. ಟ್ಯಾಂಕಿನ ಬಾಯಲ್ಲಿ ಕಾವಲಿಗೆ ನಿಂತವನು ಏಣಿ. ಅವನು ಒಂದು ವಾರದ ರಜೆ ಮುಗಿಸಿ ಬಂದದ್ದು ಹಿಂದಿನ ದಿನ.

ಗಡಿಯಾರ ವಾಕಿ ಎತ್ತಿಕೊಂಡಳು. ಟೀಚರ್ ಹಿಂದೆ ಕೂತಿರುವುದು ಅವಳ ಬೆನ್ನಿಗೆ ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿದಳು.

"ವಾಲ್ವ್ ಫೋರ್ ಕ್ಲೋಸ್ಡ್."

ಸ್ಪಷ್ಟ ಉಚ್ಚಾರ. ಮೂರು ಪದ, ದಾರಕ್ಕೆ ಪೋಣಿಸಿದ ಮಣಿಗಳಂತೆ ಒಂದೇ ಅಳತೆ, ಒಂದೇ ಭಾರ. ಕೊನೆಯಲ್ಲಿ ದನಿ ಮೆಲ್ಲಗೆ ಕೆಳಗೆ ಕೂತಿತು.

ಎರಡು ಕ್ಷಣ ಬಿಟ್ಟು ಏಣಿಯ ದನಿ ಬಂತು: "ಓಕೆ. ಕಾಪಿ." ವಾಕಿಯ ಭಾಷೆಯಲ್ಲಿ ಕಾಪಿ ಎಂದರೆ ತಿಳಿಯಿತು.

"ಆಯ್ತು ಸಾರ್" ಎಂದು ಗಡಿಯಾರ ಗುಂಡಿ ಒತ್ತಿದಳು. ಪರದೆಯ ಮೇಲೆ ಐವತ್ತೆಂಟು ಡಿಗ್ರಿ. ಪಕ್ಕದ ಪುಟ್ಟ ಪರದೆಯಲ್ಲಿ ಕ್ಯಾಮೆರಾದ ಚಿತ್ರ: ಏಣಿ ಬಗ್ಗಿ ಮೈದುನನ ಭುಜ ತಟ್ಟಿದ. ಮೈದುನ ಟ್ಯಾಂಕಿನ ದುಂಡು ಬಾಯೊಳಗೆ ಮೊದಲು ತಲೆ, ಆಮೇಲೆ ಸೊಂಟ, ಕೊನೆಗೆ ಬೂಟು, ಹೀಗೆ ಒಳಗೆ ಹೋಗಿಬಿಟ್ಟ.

ಟೀಚರ್ ಪುಸ್ತಕದಲ್ಲಿ "ಆ ಇಲ್ಲ. ಉತ್ತಮ" ಎಂದು ಬರೆದಳು. ಬರೆದ ಮೇಲೆ ಪೆನ್ನು ನಿಂತಿತು.

ಓಕೆ?

ಮುಚ್ಚಿದೆಯಾ ಎಂದು ಕೇಳಿದರೆ ಹೌದು ಎನ್ನುತ್ತಾರೆ, ಇಲ್ಲ ಎನ್ನುತ್ತಾರೆ. ಸರಿ, ತಿಳಿಯಿತು ಎಂದು ಯಾರು ಹೇಳುತ್ತಾರೆ? ಸುದ್ದಿ ಹೇಳಿದವರಿಗೆ ಹೇಳುತ್ತಾರೆ. ಗಾಡಿ ಬಂತು ಎಂದರೆ ಸರಿ ಎನ್ನಬಹುದು. ಗಾಡಿ ಬಂತಾ ಎಂದರೆ ಸರಿ ಎನ್ನುವುದಿಲ್ಲ.

ಅವಳು ಆ ಮೂರು ಪದಗಳನ್ನು ತಲೆಯೊಳಗೆ ಮತ್ತೊಮ್ಮೆ ಕೇಳಿಸಿಕೊಂಡಳು. ಎಲ್ಲಿಯೂ ಏರಿಲ್ಲ. ಏರಲು ಬೇಕಾದ ಭಾರವೇ ಯಾವ ಪದದ ಮೇಲೂ ಇಲ್ಲ. ಏಣಿಯ ಕಿವಿಗೆ ಅದು ಹೇಗೆ ಬಿದ್ದಿರಬೇಕು? ಕಂಟ್ರೋಲ್ ರೂಮಿನವರು ನಾಲ್ಕನೇ ವಾಲ್ವು ಮುಚ್ಚಿದ್ದಾರೆ, ತಿಳಿಸುತ್ತಿದ್ದಾರೆ. ಅವನು ಕಂಡಂತೆ ಅದನ್ನು ಯಾವಾಗಲೂ ಮೇಲಿನವರೇ ಮುಚ್ಚುತ್ತಿದ್ದದ್ದು. ಹಿಡಿ ಹಾಕಿದ್ದು ಅವನು ರಜೆಯಲ್ಲಿದ್ದಾಗ.

ಕೆಳಗಿನವನು ಮೇಲಿನವರು ಮುಚ್ಚಿದರೆಂದುಕೊಂಡಿದ್ದಾನೆ. ಮೇಲಿನವಳು ಕೆಳಗಿನವನು ಮುಚ್ಚಿದನೆಂದುಕೊಂಡಿದ್ದಾಳೆ. ನಡುವೆ ವಾಲ್ವು ಬಾಯಿ ತೆರೆದುಕೊಂಡೇ ಇದೆ.

ಅರವತ್ತೊಂದು.

ಟೀಚರ್ ಬರೆದದ್ದನ್ನು ಮತ್ತೆ ಓದಿದಳು. ಇಲ್ಲ, ನನ್ನದೇ ಭ್ರಮೆ ಎಂದುಕೊಂಡಳು. ಅವನು ಓಕೆ ಎಂದದ್ದು ಹೌದು ಎಂಬ ಅರ್ಥದಲ್ಲೇ ಇರಬಹುದು. ಎಷ್ಟೋ ಜನ ಹಾಗೆ ಹೇಳುತ್ತಾರೆ. ಒಂದು ದನಿಯ ಏರಿಳಿತ ಹಿಡಿದುಕೊಂಡು ಕಾರ್ಖಾನೆ ನಿಲ್ಲಿಸಿ ಎನ್ನಲು ಇವಳಾರು? ವ್ಯಾಕರಣ ಹೇಳಲು ಬಂದವಳು. ಗೇಟಿನಾಚೆ ಮೂರು ಹಾಲಿನ ಟ್ಯಾಂಕರುಗಳು ಖಾಲಿಯಾಗಲು ಕಾಯುತ್ತಿದ್ದವು. ತಪ್ಪಾದರೆ ನಾಳೆಯಿಂದ ಒಳಗೆ ಬಿಡುವುದಿಲ್ಲ, ಮೈದುನನ ಮರ್ಯಾದೆಯೂ ಹೋಗುತ್ತದೆ.

ಅರವತ್ತಮೂರು. ಅರವತ್ತನಾಲ್ಕು.

ಸರಿಯಾದರೆ?

ಕುರ್ಚಿ ಬಿಟ್ಟು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕಾಲು ಹಳದಿ ಗೆರೆಯ ಆಚೆಗಿತ್ತು.

"ಸಾರ್, ಅವನು ಉತ್ತರ ಕೊಟ್ಟಿಲ್ಲ."

ಇಂಚಾರ್ಜ್ ತಲೆ ಎತ್ತಲಿಲ್ಲ. "ಯಾರು?"

"ಕೆಳಗಿರೋನು. ವಾಲ್ವು ಮುಚ್ಚಿದೆ ಅಂತ ಅವನು ಹೇಳ್ಲಿಲ್ಲ."

"ಓಕೆ ಅಂದ್ನಲ್ಲಮ್ಮ. ನಾನೇ ಕೇಳಿಸ್ಕೊಂಡೆ."

"ಓಕೆ ಅಂದ. ಯೆಸ್ ಅನ್ನಲಿಲ್ಲ. ಇವಳು ಕೇಳಿದ್ದು ಅವನಿಗೆ ಪ್ರಶ್ನೆ ಅಂತ ಗೊತ್ತೇ ಆಗಿಲ್ಲ, ಸಾರ್. ನಾವು ಮುಚ್ಚಿದೀವಿ ಅಂತ ಹೇಳಿದ ಹಾಗೆ ಕೇಳಿಸಿದೆ."

ಈಗ ಅವರು ಕನ್ನಡಕದ ಮೇಲಿನಿಂದ ನೋಡಿದರು. "ಟೀಚರ್, ಪಾಠ ಮಧ್ಯಾಹ್ನ ಇಟ್ಕೊಳ್ಳಿ. ಈಗ ಗೆರೆ ಹಿಂದೆ ಹೋಗಿ."

"ಪಾಠ ಅಲ್ಲ ಸಾರ್, ಒಳಗೆ ಜನ ಇದಾರೆ."

"ಇದಾರೆ ಅಂತ್ಲೇ ಕೇಳಿದ್ದು. ಈಗ ನಿಲ್ಸಿದ್ರೆ ತಣ್ಣಗಾಗತ್ತೆ, ಮತ್ತೆ ಕಾಯಿಸ್ಬೇಕು. ಹೊರಗೆ ಹಾಲು ಹುಳಿಯಾಗತ್ತೆ. ನೀವು ಜವಾಬ್ದಾರರಾ?"

ಅರವತ್ತೇಳು.

ಗಡಿಯಾರ ತಿರುಗಿ ಟೀಚರ ಮುಖ ನೋಡಿದಳು. ಏನು ಕಂಡಿತೋ, ಅವಳ ಬಣ್ಣ ಇಳಿಯಿತು. "ಸಾರ್, ಇನ್ನೊಂದು ಸಲ ಕೇಳ್ಬಿಡ್ಲಾ? ಕೇಳೋಕೇನು."

"ಕೇಳು ಮಾರಾಯ್ತಿ. ಕೇಳಿ ಇವರಿಗೊಂದು ಸಮಾಧಾನ ಮಾಡು."

ಅವಳು ವಾಕಿ ಒತ್ತಿದಳು. ಹೆದರಿಕೆಯಾದಾಗ ಮನುಷ್ಯ ಕಲಿತ ಪಾಠಕ್ಕೆ ಇನ್ನೂ ಬಲವಾಗಿ ಜೋತು ಬೀಳುತ್ತಾನೆ. ಅವಳು ಕಲಿತದ್ದು ಖಚಿತವಾಗಿ ಮಾತಾಡುವುದು. ಒಂದೊಂದು ಪದಕ್ಕೂ ಸಮನಾಗಿ ಗುದ್ದು ಹಾಕಿ, ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಆಳಕ್ಕೆ ಇಳಿಸಿ ಹೇಳಿದಳು:

"ವಾಲ್ವ್. ಫೋರ್. ಕ್ಲೋಸ್ಡ್."

ಮೊಳೆ ಹೊಡೆದಂತೆ. ಪರದೆಯಲ್ಲಿ ಏಣಿ ಕ್ಯಾಮೆರಾದತ್ತ ನೋಡಿ ಹೆಬ್ಬೆರಳೆತ್ತಿದ. "ಕಾಪಿ, ಕಾಪಿ. ಐ ಹರ್ಡ್ ಯೂ. ಹೀ ಈಸ್ ಇನ್‌ಸೈಡ್."

"ಸಾಕಾ ಈಗ?" ಎಂದರು ಇಂಚಾರ್ಜ್. "ಎರಡೆರಡು ಸಲ ಹೇಳಿದಾನೆ."

ಐ ಹರ್ಡ್ ಯೂ. ನೀನು ಹೇಳಿದ್ದು ಕೇಳಿಸಿತು. ಟೀಚರಿಗೆ ಇನ್ನು ಅನುಮಾನ ಉಳಿಯಲಿಲ್ಲ. ಅವಳು ಹುಡುಗಿಯ ಪಕ್ಕಕ್ಕೆ ಬಂದಳು. ಎಪ್ಪತ್ತು.

"ಏರಿಸು. ಕೊನೇದು ಏರಿಸಿ ಕೇಳು."

"ಏರಿಸ್ದೆನಲ್ಲ ಮೇಡಂ?" ಎಂದಳು ಹುಡುಗಿ. ಅವಳಿಗೆ ತಾನು ಏರಿಸಿದೆನೋ ಇಳಿಸಿದೆನೋ ತಿಳಿಯುತ್ತಿರಲಿಲ್ಲ. ಸ್ವಂತ ದನಿ ಸ್ವಂತ ಕಿವಿಗೆ ಯಾವತ್ತೂ ಸರಿಯಾಗಿಯೇ ಕೇಳಿಸುತ್ತದೆ. ಒತ್ತು, ಭಾರ, ಏರು ಎಂದು ವಿವರಿಸಲು ಒಂದು ತಾಸು ಬೇಕು. ಇದ್ದದ್ದು ನಾಲ್ಕು ಡಿಗ್ರಿ.

ಎಪ್ಪತ್ತೊಂದು.

ಟೀಚರ ಕಣ್ಣು ಹುಡುಗಿಯ ಮುಂಗೈ ಮೇಲೆ ಬಿತ್ತು. ಬ್ಯಾಂಡು, ಅದರ ಕೆಳಗೆ ಕೆಂಪು ಗೆರೆ.

"ಆ ಹಾಕು" ಎಂದಳು.

"ಏನ್ ಮೇಡಂ?"

"ನಿನ್ನ ಆ ಹಾಕು. ನಿಮ್ಮನೇಲಿ ಕೇಳೋ ಹಾಗೆ ಕೇಳು. ಬೇಗ."

ಹುಡುಗಿ ಒಂದು ಕ್ಷಣ ಮುಂಗೈ ನೋಡಿದಳು. ಆಮೇಲೆ ವಾಕಿಯನ್ನು ಬಾಯಿಗೆ ಒತ್ತಿ, ಒಲೆಯ ಮೇಲಿನ ಹಾಲು ಉಕ್ಕುವಾಗ ಒಳಕೋಣೆಯಲ್ಲಿರುವವರನ್ನು ಕೂಗಿ ಕೇಳುವ ದನಿಯಲ್ಲಿ ಕೇಳಿದಳು:

"ವಾಲ್ವ್ ಫೋರ್ ಕ್ಲೋಸ್ಡಾ?"

ದನಿ ತಾನಾಗಿಯೇ ಮೇಲೆ ಹೋಗಿ ಅಲ್ಲೇ ನಿಂತಿತು, ಉತ್ತರಕ್ಕೆ ಕೈ ಚಾಚಿದಂತೆ.

ಪರದೆಯಲ್ಲಿ ಏಣಿಯ ಹೆಬ್ಬೆರಳು ಕೆಳಗಿಳಿಯಿತು. ಅವನು ವಾಕಿಯನ್ನೇ ನೋಡುತ್ತಿದ್ದ. ಎಪ್ಪತ್ತೆರಡು.

"ಯೂ ಆರ್ ಆಸ್ಕಿಂಗ್?" ಭಾರವೆಲ್ಲ 'ಆಸ್ಕಿಂಗ್' ಮೇಲೆ, ಅಲ್ಲಿಂದ ಏರು. ಹೇಳುತ್ತಿಲ್ಲವಾ, ಕೇಳುತ್ತಿದ್ದೀಯಾ? ಆಮೇಲೆ ಒಂದೇ ಉಸಿರಿನಲ್ಲಿ: "ನೋ. ನೋ, ಐ ಥಾಟ್ ಯೂ ಕ್ಲೋಸ್ಡ್ ಇಟ್." ಈ ಸಲ ಭಾರ 'ಯೂ' ಮೇಲೆ. ನೀವೇ ಮುಚ್ಚಿದಿರಿ ಅಂದುಕೊಂಡೆ. ಕನ್ನಡದಲ್ಲಿ 'ಏ' ಮಾಡುವ ಕೆಲಸವನ್ನು ಅವನ ಹೆದರಿದ ದನಿ ಮಾಡಿತ್ತು.

ನಿಲ್ಲಿಸುವ ಗುಂಡಿಯನ್ನು ಗಡಿಯಾರ ಹೊಡೆದಳು. ಒತ್ತಲಿಲ್ಲ, ಅಂಗೈಯಿಂದ ಹೊಡೆದಳು. ಪರದೆಯಲ್ಲಿ ಅಂಕಿ ಎಪ್ಪತ್ತಮೂರಕ್ಕೆ ಹೋಯಿತು. ಎಪ್ಪತ್ತನಾಲ್ಕಕ್ಕೆ ಹೋಯಿತು. ಅಲ್ಲಿ ಹೊಯ್ದಾಡಿ ನಿಂತಿತು. ಮತ್ತೆ ಎಪ್ಪತ್ತಮೂರು.

ಅಷ್ಟರಲ್ಲಿ ಪುಟ್ಟ ಪರದೆಯಲ್ಲಿ ಏಣಿ ಹಗ್ಗ ಎಳೆಯುತ್ತಿದ್ದ. ಮೊದಲು ಬೂಟು ಕಾಣಿಸಿತು, ಆಮೇಲೆ ಸೊಂಟ, ಕೊನೆಗೆ ಹೆಲ್ಮೆಟ್ಟಿನ ತಲೆ. ಹೊರಬಂದವನು ಕೈ ಝಾಡಿಸಿಕೊಂಡು ಏಣಿಗೆ ಏನೋ ಬೈಯುತ್ತಿದ್ದ. ದನಿ ಇರಲಿಲ್ಲ, ಬಾಯಿ ಮಾತ್ರ ಆಡುತ್ತಿತ್ತು. ಏಣಿ ಕವಲಿಗೆ ಹೋಗಿ ಹಿಡಿಯನ್ನು ನೋಡಿದ. ಹಿಡಿ ಕೊಳವೆಯ ಉದ್ದಕ್ಕೆ ಮಲಗಿತ್ತು, ಪೂರ್ತಿ ತೆರೆದು. ಅವನು ಅದನ್ನು ಅಡ್ಡ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ.

ಇಂಚಾರ್ಜ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ಇಪ್ಪತ್ತು ವರ್ಷ" ಎಂದು ಶುರು ಮಾಡಿದವರು ಅಲ್ಲೇ ಬಿಟ್ಟರು.

ಕಾಲು ಗಂಟೆಯ ಮೇಲೆ ಮೈದುನ ಮೇಲೆ ಬಂದ. ಮುಖವೆಲ್ಲ ಬೆವರು. "ಅತ್ತಿಗೆ, ಒಳಗೆ ಹೋಗಿ ಒಂದು ಬೋಲ್ಟೂ ಬಿಚ್ಚಿರಲಿಲ್ಲ, ಎಳೆದು ಹಾಕಿದ್ರಲ್ಲ. ಚಹಾ ಕುಡಿಸೋಕಾ?"

ಅವನು ಪರದೆ ನೋಡಿದ, ಅಂಕಿ ನೋಡಿದ, ಇಂಚಾರ್ಜ್ ಮುಖ ನೋಡಿದ. ಫಿಟ್ಟರ್ ಅಲ್ಲವೇ, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹತ್ತಿರವಿದ್ದ ಕುರ್ಚಿಯಲ್ಲಿ ಕೂತ. ಅದು ಟೀಚರ ಕುರ್ಚಿ. ಅವಳ ಪುಸ್ತಕ ಅವನ ಕೆಳಗೆ ಸಿಕ್ಕಿಕೊಂಡಿತು.

"ಅಮ್ಮನಿಗೆ ಹೇಳ್ಬೇಡಿ" ಎಂದ.

ಘಟನೆಯ ಫಾರ್ಮು ತುಂಬುವಾಗ ಇಂಚಾರ್ಜ್ ಕಾರಣದ ಜಾಗದಲ್ಲಿ ಹಿಡಿಗೆ ಬೀಗದ ವ್ಯವಸ್ಥೆ ಇಲ್ಲ, ಆದರೂ ಅನುಮತಿ ಕೊಟ್ಟವನು ನಾನು ಎಂದು ಬರೆದರು. ಅಕ್ಷರ ನೆಟ್ಟಗಿತ್ತು.

"ನನ್ನದೂ ಬರೀರಿ ಸಾರ್" ಎಂದಳು ಟೀಚರ್.

"ನಿಮ್ಮದೇನು?"

"ಆ ಅನ್ನಬೇಡಿ ಅಂದೋಳು ನಾನು. ಅದರ ಜಾಗಕ್ಕೆ ಏರು ಬಂದಿದೆಯಾ ಅಂತ ನೋಡ್ಲಿಲ್ಲ. ಅದರ ಮೇಲೆ ಇಳಿಸಿ ಅಂತ ಬೇರೆ ಅಂದೆ."

"ಇದರಲ್ಲಿ ದನಿ ಅಂತ ಕಾಲಂ ಇಲ್ಲವಲ್ಲಮ್ಮ."

"ಇತರೆ ಅಂತ ಇದೆ."

ಅವರು ಫಾರ್ಮನ್ನು ಅವಳತ್ತ ತಳ್ಳಿದರು. ಅವಳು ನಾಲ್ಕು ಸಾಲು ಬರೆದು ಸಹಿ ಹಾಕಿದಳು. ಮುಂದೆ ಅದನ್ನು ಓದಿದವರು ಅವಳನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಆಗ ಅವಳಿಗೆ ಹೊಳೆಯಲೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ಮೂರನೇ ಟ್ಯಾಂಕಿನ ತೊಳೆತ ಮತ್ತೆ ಶುರುವಾಗಬೇಕಿತ್ತು. ನಾಲ್ಕನೆಯದರೊಳಗೆ ಈಗ ಯಾರೂ ಇರಲಿಲ್ಲ, ಬಾಯಿಗೆ ಮುಚ್ಚಳ ಬಿದ್ದಿತ್ತು. ಹಿಡಿಗೆ ತೂತು ಕೊರೆದು ಬೀಗ ಜಡಿದು, ಕೀಲಿಯನ್ನು ಮೈದುನ ತನ್ನ ಕುತ್ತಿಗೆಗೇ ಕಟ್ಟಿಕೊಂಡಿದ್ದ. ಆದರೂ ಕೇಳದೆ ಗುಂಡಿ ಒತ್ತುವ ಹಾಗಿರಲಿಲ್ಲ. ಇನ್ನು ಮೇಲೆ 'ಈಸ್' ಸೇರಿಸಿ ಪೂರ್ತಿ ವಾಕ್ಯದಲ್ಲೇ ಕೇಳಬೇಕು, ಯೆಸ್ ಅಥವಾ ನೋ ಬಿಟ್ಟು ಬೇರೆ ಉತ್ತರ ಒಪ್ಪಬಾರದು ಎಂದು ಇಂಚಾರ್ಜ್ ಗೋಡೆಗೆ ಚೀಟಿ ಅಂಟಿಸಿದ್ದರು.

ಗಡಿಯಾರ ಮುಂಗೈಯಿಂದ ಬ್ಯಾಂಡು ಕಳಚಿ ಮೇಜಿನ ಮೇಲಿಟ್ಟಳು. ವಾಕಿ ಎತ್ತಿದಳು. ಟೀಚರ್ ಗೆರೆಯ ಹಿಂದೆ ನಿಂತಿದ್ದಳು. ಕೂರಲು ಆಗಿರಲಿಲ್ಲ.

"ಈಸ್ ವಾಲ್ವ್ ಫೋರ್ ಕ್ಲೋಸ್ಡ್?"

ಏರಿತೇ? ಏರಿದಂತಿತ್ತು. ಅಥವಾ ಏರಲಿ ಎಂಬ ಆಸೆಗೆ ಹಾಗೆ ಕೇಳಿಸಿತೋ. ಟೀಚರ್ ಕೆಳಗಿನಿಂದ ಬರಬೇಕಾದ ಆ ಒಂದು ಪದಕ್ಕಾಗಿ ಕಾದಳು. ಹುಡುಗಿಯ ಬೆರಳು ಗುಂಡಿಯಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲೇ ನಿಂತಿತ್ತು.

"ಯೆಸ್" ಎಂದ ಏಣಿ. "ಕ್ಲೋಸ್ಡ್."

ದನಿ ಕೆಳಗಿಳಿದು ಕೂತಿತು. ಆದರೂ ಹುಡುಗಿಯ ಬೆರಳು ತಕ್ಷಣ ಇಳಿಯಲಿಲ್ಲ. ಅವಳು ತಿರುಗಿ ಟೀಚರನ್ನು ನೋಡಿದಳು. ಟೀಚರ್ ತಲೆಯಾಡಿಸುವ ಮೊದಲು ಪುಟ್ಟ ಪರದೆಯತ್ತ ನೋಡಿದಳು, ಅಲ್ಲಿ ಹಿಡಿ ಅಡ್ಡಲಾಗಿ ನಿಂತಿದೆಯಾ ಎಂದು.